291ನೇ ಕಾಲರ್

ನಮ್ಮಕ್ಕನಿಗೆ ಅವಳಿ ಗಂಡುಮಕ್ಕಳು. ಒಂದೇ ಎತ್ತರ, ಒಂದೇ ತೂಕ, ಒಂದೇ ತುಂಟತನ. ಜೂನ್ ಮೊದಲ ವಾರ ಉತ್ತರಹಳ್ಳಿ ಮುಖ್ಯರಸ್ತೆಯ ಅಂಗಡಿಯೊಂದರಲ್ಲಿ ಇಬ್ಬರಿಗೂ 32ರ ಸೈಜಿನ ಯೂನಿಫಾರಂ ಶರ್ಟು ಕೊಂಡೆವು. ಒಂದೇ ಬಟ್ಟೆ, ಒಂದೇ ಲೇಬಲ್ಲು, ಒಂದೇ ಬಿಲ್ಲು. ಮನೆಗೆ ಬಂದು ಹಾಕಿಸಿ ನೋಡಿದರೆ ದೊಡ್ಡವನು (ಮೂರು ನಿಮಿಷಕ್ಕೆ ದೊಡ್ಡವನು) ಮೇಲಿನ ಗುಂಡಿ ಹಾಕಿ ಟೈ ಕಟ್ಟಿಕೊಂಡು ಕನ್ನಡಿ ಮುಂದೆ ನಿಂತ. ಚಿಕ್ಕವನು ಅದೇ ಗುಂಡಿ ಹಾಕಿಕೊಂಡು ಕಣ್ಣು ಮೇಲೆ ಮಾಡಿದ.

"ಬರೋ ದಾರೀಲಿ ಕತ್ತು ಬೆಳೆಸ್ಕೊಂಡ್ ಬಂದ್ಯೇನೋ?" ಎಂದಳು ಅಕ್ಕ.

ಶರ್ಟು ಅದಲುಬದಲು ಮಾಡಿಸಿದೆವು. ಈಗ ದೊಡ್ಡವನಿಗೆ ಉಸಿರುಗಟ್ಟಿತು, ಚಿಕ್ಕವನು ಕನ್ನಡಿ ಮುಂದೆ ನಿಂತ. ಅಲ್ಲಿಗೆ ಕತ್ತುಗಳು ನಿರಪರಾಧಿಗಳು ಎಂದಾಯಿತು. ಶರ್ಟು ತಿರುಗಿಸಿ ನೋಡಿದರೆ ಒಳಹೊಲಿಗೆಯಲ್ಲಿ ಕೀಳಲು ಮರೆತ ಚಿಕ್ಕ ಸ್ಟಿಕ್ಕರು. ಒಂದರಲ್ಲಿ 14, ಇನ್ನೊಂದರಲ್ಲಿ 291. ಉಸಿರುಗಟ್ಟಿಸಿದ್ದು 291.

ಅಂಗಡಿಯವನಿಗೆ ತೋರಿಸಿದೆ. "ನಮ್ದೇನಿಲ್ಲ ಸಾರ್, ಇಲ್ಲೇ ಹಿಂದಿನ ರಸ್ತೇಲಿ ಹೊಲೀತಾರೆ, ಕೇಳ್ಕೊಳ್ಳಿ" ಎಂದ. ಹೋದೆ. 30×40 ಸೈಟಿನಲ್ಲಿ ಎದ್ದ ಕಟ್ಟಡ, ಕೆಳಗೆ ದಿನಸಿ ಅಂಗಡಿ, ನಡುವೆ ಬಾಡಿಗೆ ಮನೆಗಳು, ತಲೆಯ ಮೇಲೆ ನಕ್ಷೆಯಲ್ಲಿಲ್ಲದ ಮಹಡಿ. ಆ ಮಹಡಿಯಲ್ಲೇ ಗಾರ್ಮೆಂಟ್ಸು. ಓನರ್ ಸಜ್ಜನರು. ಕಾಫಿ ತರಿಸಿದರು. ಕಾಲರಿನ ವಿಷಯ ಹೇಳಿದ್ದಕ್ಕೆ, "ಮಕ್ಕಳು ಈಗಿನ ಕಾಲದಲ್ಲಿ ಜಂಕ್ ಫುಡ್ ಜಾಸ್ತಿ ತಿಂತಾರೆ ಸಾರ್" ಎಂದರು. ಅಷ್ಟರಲ್ಲಿ ಕಟಿಂಗ್ ಮಾಸ್ಟ್ರು ನನ್ನ ಕೈಯಿಂದ ಶರ್ಟು ಇಸಿದುಕೊಂಡು, ಕಾಲರು ನೋಡದೆ ನೇರ ಸ್ಟಿಕ್ಕರು ನೋಡಿದರು. "291. ಅಡೀದು" ಎಂದರು. ವೈದ್ಯರು ನಾಡಿ ಹಿಡಿದು ಕಾಯಿಲೆ ಹೇಳುವುದನ್ನು ಕೇಳಿದ್ದೇನೆ, ಶರ್ಟಿನ ನಾಡಿ ಹಿಡಿಯುವವರನ್ನು ಅವತ್ತೇ ಕಂಡದ್ದು.

ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಉದ್ದನೆಯ ಮೇಜು. ಅದರ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಾರೆ. ಅದಕ್ಕೆ ಲೇ ಹಾಕುವುದು ಎನ್ನುತ್ತಾರೆ. ಎಲ್ಲಕ್ಕಿಂತ ಮೇಲೆ ಮಾರ್ಕರ್ ಎಂಬ ಕಾಗದ. ಅದರಲ್ಲಿ ಮುಂಭಾಗ, ಹಿಂಭಾಗ, ತೋಳು, ಕಾಲರು, ಜೇಬು ಎಲ್ಲವನ್ನೂ ಜಾಗ ಪೋಲಾಗದಂತೆ ಒತ್ತೊತ್ತಾಗಿ ಬರೆದಿರುತ್ತಾರೆ. ಮೇಲಿನ ಗೆರೆ ಹಿಡಿದು ಕತ್ತರಿಸಿದರೆ ಕೆಳಗಿನ ಅಷ್ಟೂ ಪದರಗಳು ಅದೇ ಆಕಾರದಲ್ಲಿ ತುಂಡಾಗುತ್ತವೆ. ಆಮೇಲೆ ಒಂದು ಪದರದ ಮೈಗೆ ಇನ್ನೊಂದು ಪದರದ ತೋಳು ಸೇರಿ ಬಣ್ಣ ಹೆಚ್ಚುಕಡಿಮೆಯಾಗದಿರಲಿ ಎಂದು ಪ್ರತಿ ತುಂಡಿಗೂ ಪದರದ ನಂಬರು ಅಂಟಿಸುತ್ತಾರೆ. ಇಲ್ಲಿ ಮೇಲಿನಿಂದ ಎಣಿಕೆ. ನಮ್ಮ 14 ಆಕಾಶದ ಹತ್ತಿರ ಹುಟ್ಟಿದ್ದು, 291 ಪಾತಾಳದಲ್ಲಿ.

ಆರ್ಡರು 2400 ಶರ್ಟು. ಮಾರ್ಕರಿನಲ್ಲಿ 8 ಶರ್ಟು ಕೂರುತ್ತವೆ, ಉದ್ದ 9 ಮೀಟರ್. ಹಾಗಾದರೆ ಬೇಕಾದ್ದು 300 ಪದರ. ಇವನ್ನು ನೂರು ನೂರರಂತೆ ಮೂರು ಲೇ ಹಾಕಿ ಮೂರು ಸಲ ಕತ್ತರಿಸಬಹುದು, ಇಲ್ಲವೇ 300 ಪದರವನ್ನೂ ಒಂದೇ ಸಲ ಪೇರಿಸಿ ಒಂದೇ ಸಲ ಕತ್ತರಿಸಬಹುದು. ಓನರಿಗೆ ಎರಡನೆಯದೇ ಇಷ್ಟ. "ಮೂರು ಸಲ ಮಾಡೋ ಕೆಲಸ ಒಂದೇ ಸಲಕ್ಕೆ ಮುಗೀತದೆ" ಎಂಬುದು ಅವರ ಅರ್ಥಶಾಸ್ತ್ರ. ಅವರನ್ನು ತಪ್ಪೆನ್ನಲಾರೆ. ಮೂರು ಮಹಡಿಗೆ ಪಾಯ ತೋಡಿಸಿ ಐದು ಮಹಡಿ ಎಬ್ಬಿಸಿ ಬಾಡಿಗೆ ಎಣಿಸಿದ ಕೈ, ಬಟ್ಟೆಯ ವಿಷಯದಲ್ಲಿ ಮಾತ್ರ ನೂರಕ್ಕೆ ನಿಲ್ಲು ಎಂದರೆ ನಿಂತೀತೆ?

ಆದರೆ ಈ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಮೇಜಿನ ಎರಡೂ ಬದಿಗೆ ಒಬ್ಬೊಬ್ಬ ಹುಡುಗ ನಿಂತು, ಥಾನಿನಿಂದ ಬಟ್ಟೆ ಎಳೆದುಕೊಂಡು 9 ಮೀಟರ್ ನಡೆದು, ಅಂಚು ಕೂಡಿಸಿ, ತುದಿ ಕತ್ತರಿಸಿ ಮತ್ತೆ ಶುರು ಮಾಡುತ್ತಾರೆ. 300 ಪದರಕ್ಕೆ 2700 ಮೀಟರ್ ಬಟ್ಟೆ. ಒಂದು ಲೇ ಹಾಕಿದರೂ 2700 ಮೀಟರ್, ಮೂರು ಲೇ ಹಾಕಿದರೂ 2700 ಮೀಟರ್. ಹುಡುಗರ ಕಾಲಿಗೆ ಒಂದು ಹೆಜ್ಜೆಯೂ ಉಳಿಯುವುದಿಲ್ಲ. ಕಟಿಂಗ್ ರೂಮಿನಲ್ಲಿ ಹೊತ್ತು ಹೆಚ್ಚು ತಿನ್ನುವುದು ಈ ಹಾಸುವ ಕೆಲಸವೇ. ಎತ್ತರದ ಲೇಯಿಂದ ಉಳಿಯುವುದು ಎರಡು ಮಾರ್ಕರ್ ಕಾಗದ ಮತ್ತು ಕತ್ತರಿಸುವವನ ಒಂದಷ್ಟು ಹೊತ್ತು. ಅದೂ ಪೂರ್ತಿ ಉಳಿಯುವುದಿಲ್ಲ, ಎತ್ತರದ ಲೇಯಲ್ಲಿ ಚಾಕು ನಿಧಾನಕ್ಕೆ ಹೋಗಬೇಕು. ಮಾಸ್ಟ್ರ ಅಂದಾಜಿನಲ್ಲಿ ಒಟ್ಟು ಉಳಿತಾಯ ಎರಡು ಗಂಟೆ. ಒಬ್ಬ ಮನುಷ್ಯನ ಎರಡು ಗಂಟೆ ಕೂಲಿಗೆ 2400 ಮಕ್ಕಳ ಕತ್ತು ಪಣ.

ಹಾಸುವಾಗಲೇ ಅರ್ಧ ಹಣೆಬರಹ ನಿಶ್ಚಯವಾಗುತ್ತದೆ ಎನ್ನುತ್ತಾರೆ ಮಾಸ್ಟ್ರು. ಬಟ್ಟೆಯ ಪನ್ನ ಥಾನಿನಿಂದ ಥಾನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಆದ್ದರಿಂದ ಒಂದು ಬದಿಯ ಅಂಚು ಮಾತ್ರ ಗೋಡೆಯ ಹಾಗೆ ನೆಟ್ಟಗೆ ನಿಲ್ಲಬೇಕು, ಆಚೆ ಬದಿ ಮೆಟ್ಟಿಲು ಮೆಟ್ಟಿಲಾದರೂ ಸರಿಯೆ. ಎರಡೂ ಬದಿ ಚೆಂದ ಕಾಣಲಿ ಎಂದು ಆಚೆಯವನು ಎಳೆದರೆ ಬಟ್ಟೆ ಬಿಗಿಯಾಗುತ್ತದೆ. ಶರ್ಟಿನ ಟೆರಿಕಾಟು ಅಷ್ಟಾಗಿ ಹಿಗ್ಗದು. ಆದರೆ ಆಟದ ಪೀರಿಯಡ್ಡಿನ ಟೀಶರ್ಟಿನ ಹೊಸೈರಿ ಬಟ್ಟೆಯನ್ನು ನೂರಕ್ಕೆ ಮೂರರಷ್ಟು ಎಳೆದು ಹಾಸಿದರೆ, 60 ಸೆಂಟಿಮೀಟರಿಗೆ ಕತ್ತರಿಸಿದ ತುಂಡು ಚಾಕು ದಾಟಿದ ಮೇಲೆ ಮೈ ಸಡಿಲಿಸಿ 58 ಚಿಲ್ಲರೆಗೆ ಬಂದು ಕೂರುತ್ತದೆ. ಅಂಥ ಬಟ್ಟೆಯನ್ನು ಥಾನು ಬಿಚ್ಚಿ ಒಂದು ದಿನ ಸುಮ್ಮನೆ ಬಿಟ್ಟು ಆಮೇಲೆ ಹಾಸಬೇಕು. ಶಾಲೆ ಶುರುವಾಗಿ ಮೂರು ದಿನಕ್ಕೆ ಆರ್ಡರು ಹಿಡಿಯುವ ಕಡೆ ಬಟ್ಟೆಗೆ ಯಾರು ರಜೆ ಕೊಡುತ್ತಾರೆ?

ಈಗ ಚಾಕುವಿಗೆ ಬರೋಣ. ಇಲ್ಲಿರುವುದು ಸ್ಟ್ರೇಟ್ ನೈಫ್. ಬೆಂಗಳೂರಿನ ಯಾವ ಗಾರ್ಮೆಂಟ್ಸಿಗೆ ಹೋದರೂ ಕಾಣುವ, ಮೇಲೆ ಮೋಟಾರು, ಕೆಳಗೆ ಚಕ್ರದ ಪಾದ, ನಡುವೆ ನೆಟ್ಟಗೆ ನಿಂತು ಮೇಲೆ ಕೆಳಗೆ ಜಿಗಿಯುವ ಬ್ಲೇಡು. ಅಮೆರಿಕದ ಬಫಲೋ ಊರಿನಲ್ಲಿ 1888ರಲ್ಲಿ ಈಸ್ಟ್‌ಮನ್ ಕಂಪನಿ ಇದನ್ನು ಶುರು ಮಾಡಿತು. ಇಲ್ಲಿನ ಬ್ಲೇಡು 8 ಇಂಚಿನದು. ಅಷ್ಟು ಉದ್ದ ಕೊಟ್ಟಿದ್ದಾರೆಂದ ಮೇಲೆ ಅಷ್ಟೂ ಬಳಸದಿದ್ದರೆ ನಷ್ಟ ಎಂದು ಓನರ್ ನಂಬಿದ್ದಾರೆ. ಸ್ಪೀಡೋಮೀಟರಿನಲ್ಲಿ 180 ಬರೆದಿದೆ ಎಂದು ಸುಬ್ರಹ್ಮಣ್ಯಪುರ ರಸ್ತೆಯಲ್ಲಿ 180ಕ್ಕೆ ಹೋಗಲು ನೋಡಿದ ಹಾಗೆ.

ಸ್ಟ್ರೇಟ್ ನೈಫಿನಲ್ಲಿ ಬಟ್ಟೆ ನಿಂತಿರುತ್ತದೆ, ಚಾಕು ನಡೆಯುತ್ತದೆ. ನಡೆಸುವುದು ಮನುಷ್ಯನ ಕೈ. ಬೆಳಗ್ಗೆ ನೆಟ್ಟಗಿರುವ ಕೈ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ವಾಲುತ್ತದೆ. ಎಷ್ಟು ವಾಲುತ್ತದೆ? 2 ಡಿಗ್ರಿ ಎಂದಿಟ್ಟುಕೊಳ್ಳಿ. ಗಡಿಯಾರದ ನಿಮಿಷದ ಮುಳ್ಳು 20 ಸೆಕೆಂಡಿನಲ್ಲಿ ಕದಲುವಷ್ಟು, ಕಣ್ಣಿಗೆ ಕಾಣದಷ್ಟು. ಮಾಸ್ಟ್ರು ಸೀಮೆಸುಣ್ಣದಲ್ಲಿ ಮೇಜಿನ ಮೇಲೆಯೇ ಲೆಕ್ಕ ಬರೆದರು. ಈ ಶರ್ಟಿನ ಬಟ್ಟೆ ಒಂದು ಪದರಕ್ಕೆ 0.3 ಮಿಲಿಮೀಟರ್ ದಪ್ಪ. ನೂರು ಪದರಕ್ಕೆ 30 ಮಿಲಿಮೀಟರ್ ಎತ್ತರ. 2 ಡಿಗ್ರಿ ವಾಲಿದ ಬ್ಲೇಡು ಅಷ್ಟು ಎತ್ತರ ಇಳಿಯುವಷ್ಟರಲ್ಲಿ ಮೇಲಿನ ಗೆರೆಯಿಂದ 1 ಮಿಲಿಮೀಟರ್ ಒಳಕ್ಕೆ ಸರಿದಿರುತ್ತದೆ. 300 ಪದರಕ್ಕೆ ಎತ್ತರ 90 ಮಿಲಿಮೀಟರ್, ಸರಿಯುವುದು 3 ಮಿಲಿಮೀಟರಿಗೂ ತುಸು ಹೆಚ್ಚು. ಕೈ ಅದೇ, ಚಾಕು ಅದೇ, ಊಟದ ನಂತರದ ಜೊಂಪೂ ಅದೇ. ಪದರ ಮೂರು ಪಟ್ಟಾದಾಗ ತಪ್ಪೂ ಮೂರು ಪಟ್ಟಾಯಿತು.

ಕಾಲರಿನ ತುಂಡಿಗೆ ಎರಡು ತುದಿ. ಕತ್ತರಿಸುವವನು ತುಂಡನ್ನು ಯಾವಾಗಲೂ ತನ್ನ ಒಂದೇ ಬದಿಗೆ ಇಟ್ಟುಕೊಂಡು ಸುತ್ತ ಹೋಗುವುದರಿಂದ ಎರಡೂ ತುದಿಯಲ್ಲಿ ಚಾಕು ಒಳಗೇ ವಾಲುತ್ತದೆ. ಹಾಗಾಗಿ 300 ಪದರದ ಲೇಯಲ್ಲಿ ಅಡಿಯ ಕಾಲರು ಮೇಲಿನದಕ್ಕಿಂತ 6 ಮಿಲಿಮೀಟರ್ ಗಿಡ್ಡ, ನೂರು ಪದರದ ಲೇಯಲ್ಲಿ 2 ಮಿಲಿಮೀಟರ್ ಗಿಡ್ಡ. ಕಾಲರಿಗೆ ಸಾಮಾನ್ಯವಾಗಿ ಬಿಡುವ ವಿನಾಯಿತಿ ಒಂದು ಇಂಚಿನ ಎಂಟನೇ ಒಂದು ಪಾಲು, ಅಂದರೆ 3 ಮಿಲಿಮೀಟರ್. ನೂರರ ಲೇ ಪಾಸು. ಮುನ್ನೂರರ ಲೇ ಎರಡು ಸಲ ಫೇಲಾಗುವಷ್ಟು ಫೇಲು.

ಇದಿಷ್ಟೇ ಆಗಿದ್ದರೆ ನಮ್ಮ ಚಿಕ್ಕವನು ಹೇಗೋ ಉಸಿರಾಡುತ್ತಿದ್ದನೇನೋ. ಅದೇ ವಾಲಿದ ಚಾಕು ಶರ್ಟಿನ ಮೈಗೂ ಹೋಗಿದೆ. ಅಲ್ಲಿ ಕತ್ತಿನ ಜಾಗ ಒಂದು ಕಚ್ಚು. ಚಾಕು ತುಂಡಿನ ಒಳಗೆ ವಾಲಿದರೆ ಕಾಲರು ಚಿಕ್ಕದಾಗುತ್ತದೆ, ಕಚ್ಚು ಮಾತ್ರ ದೊಡ್ಡದಾಗುತ್ತದೆ. ಅಡಿಯ ಪದರದಲ್ಲಿ ಗಿಡ್ಡ ಕಾಲರು, ಅಗಲ ಕತ್ತು. ಜಾತಕ ಕೂಡದ ಮದುವೆ. ನಂಬರು ನೋಡಿ ಕೂಡಿಸಿದ್ದಾರಾದ್ದರಿಂದ 291ರ ಕಾಲರು 291ರ ಮೈಗೇ ಹೋಗಬೇಕು. ಪುರೋಹಿತರ ಕೆಲಸ ಮಾತ್ರ ನಿಖರ.

ಈ ಮದುವೆ ಮಾಡಿಸುವುದು ಲೈನಿನಲ್ಲಿ ಕೂತ ಹೆಂಗಸು. ಗಂಟೆಗೆ ಇಷ್ಟು ಕಾಲರು ಎಂದು ಅವಳಿಗೆ ಟಾರ್ಗೆಟ್. ಮೇಲಿನ ಬಂಡಲ್ಲು ಬಂದಾಗ ಕಾಲರು ಸರಾಗ ಕೂರುತ್ತದೆ. ಅಡಿಯ ಬಂಡಲ್ಲು ಬಂದಾಗ ಒಂದು ಕಡೆ ಕಾಲರು ಎಳೆದು, ಇನ್ನೊಂದು ಕಡೆ ಕತ್ತು ಸುಕ್ಕಿಸಿ ಕೂರಿಸಬೇಕು. ಸುಕ್ಕು ಕಂಡರೆ ಸೂಪರ್‌ವೈಸರು ಬಿಚ್ಚಿ ಹೊಲಿ ಎನ್ನುತ್ತಾನೆ. ನಿಧಾನವಾದರೆ ಟಾರ್ಗೆಟ್ ಎಲ್ಲಿ ಎನ್ನುತ್ತಾನೆ. "ಬೆಳಗ್ಗೆ ಚೆನ್ನಾಗಿ ಹೊಲೀತಿದ್ದೆ, ಮಧ್ಯಾಹ್ನ ಏನಾಯ್ತು ನಿಂಗೆ?" ಬೆಳಗ್ಗೆ ಅವಳಿಗೆ ಬಂದದ್ದು 1ರಿಂದ 100, ಮಧ್ಯಾಹ್ನ ಬಂದದ್ದು 200ರಿಂದ 300 ಎಂದು ಅವನು ನೋಡುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರದ ಪಿಎಫ್ ನಿಯಮ ವಾಪಸು ಮಾಡಿಸಿದರು. ದೆಹಲಿಗೆ ಕೇಳಿಸಿದ್ದು ಪಕ್ಕದ ಕೋಣೆಯ ಕಟಿಂಗ್ ಟೇಬಲ್ಲಿಗೆ ಮಾತ್ರ ಕೇಳಿಸಿಲ್ಲ.

ಎತ್ತರ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಟೆರಿಕಾಟಿನಲ್ಲಿ ಪಾಲಿಯೆಸ್ಟರ್ ಇದೆ. ಪದರ ಹೆಚ್ಚಿದಷ್ಟೂ ಬ್ಲೇಡಿನ ಉಜ್ಜಾಟ ಹೆಚ್ಚು, ಉಜ್ಜಾಟ ಹೆಚ್ಚಿದಷ್ಟೂ ಬಿಸಿ. ಬ್ಲೇಡು ಮೊಂಡಾಗಿದ್ದರಂತೂ ಕೇಳಬೇಡಿ. ಅಂಚು ಕರಗಿ ಹತ್ತಿಪ್ಪತ್ತು ಕಾಲರುಗಳು ಒಂದಕ್ಕೊಂದು ಅಂಟಿಕೊಂಡು ಹೊಸ ಪುಸ್ತಕದ ಕತ್ತರಿಸದ ಹಾಳೆಗಳ ಹಾಗೆ ಬರುತ್ತವೆ. ಬಿಡಿಸುವಾಗ ಪಟಪಟ ಸದ್ದಾದರೆ, ಅಂಚು ಬೆರಳಿಗೆ ಗಟ್ಟಿ ಹತ್ತಿದರೆ ಬಟ್ಟೆ ಸುಟ್ಟಿದೆ ಎಂದೇ ಅರ್ಥ. ಮದ್ದು ಸುಲಭ: ಬ್ಲೇಡು ಮಸೆಯಿರಿ, ಲೇ ಇಳಿಸಿ. ಓನರು ಫ್ಯಾನು ತರಿಸಿದ್ದಾರೆ.

ಇಷ್ಟೆಲ್ಲ ಕೇಳಿ ಓನರು ಬೇಸರಪಟ್ಟುಕೊಳ್ಳಲಿಲ್ಲ. "ನಮಗೂ ಕ್ವಾಲಿಟಿ ಕಾಳಜಿ ಇದೆ ಸಾರ್, ಬನ್ನಿ" ಎಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಮುಚ್ಚಿದ ಬೆಡ್‌ಶೀಟ್ ತೆಗೆದರು. ಬ್ಯಾಂಡ್ ನೈಫ್! ಸೆಕೆಂಡ್ ಹ್ಯಾಂಡು, ಮುಚ್ಚಿಹೋದ ಯಾವುದೋ ಯೂನಿಟ್ಟಿನದು. ಮೈ ತುಂಬ ಕಳೆದ ಆಯುಧಪೂಜೆಯ ಅರಿಶಿನ ಕುಂಕುಮ.

ವಯಸ್ಸಿನಲ್ಲಿ ಇದು ಸ್ಟ್ರೇಟ್ ನೈಫಿಗೆ ಅಣ್ಣ. ಇಂಗ್ಲೆಂಡಿನ ಲೀಡ್ಸಿನಲ್ಲಿ ಜಾನ್ ಬ್ಯಾರನ್ ಎಂಬ ಸಿದ್ಧ ಉಡುಪಿನ ವ್ಯಾಪಾರಿ, ಮರದ ತೆಳು ಹಲಗೆ ಸೀಳುವ ಪಟ್ಟಿ ಗರಗಸ ಕಂಡು, ಇದರಲ್ಲಿ ಬಟ್ಟೆ ಯಾಕೆ ಕತ್ತರಿಸಬಾರದು ಎಂದುಕೊಂಡ. 1858ರ ಮಾತು. ಇದರ ಕ್ರಮ ತಿರುವುಮುರುವು. ಚಾಕು ಒಂದೇ ಕಡೆ ನಿಲ್ಲುತ್ತದೆ, ಬಟ್ಟೆ ಚಾಕುವಿನ ಹತ್ತಿರ ಹೋಗುತ್ತದೆ. ಕೊನೆಯಿಲ್ಲದ ಉಕ್ಕಿನ ಪಟ್ಟಿ ಚಕ್ರಗಳ ಮೇಲೆ ಸುತ್ತುತ್ತಾ, ಮೇಜಿನ ಒಂದು ಸೀಳಿನಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಪಟ್ಟಿ ಕಿರುಬೆರಳಿನಷ್ಟು ಕಿರಿದು, ಆದ್ದರಿಂದ ಕಾಲರಿನ ಮೂಲೆ, ಜೇಬಿನ ತಿರುವುಗಳಲ್ಲಿ ಸಲೀಸಾಗಿ ತಿರುಗುತ್ತದೆ. ಸ್ಟ್ರೇಟ್ ನೈಫಿನ ಅಗಲ ಬ್ಲೇಡು ಅಂಥ ತಿರುವಿನಲ್ಲಿ ಕಿರಿದಾದ ಗಲ್ಲಿಗೆ ನುಗ್ಗಿದ ಬಿಎಂಟಿಸಿ ಬಸ್ಸಿನ ಹಾಗೆ ಒದ್ದಾಡುತ್ತದೆ. ಬ್ಯಾಂಡ್ ನೈಫಿನ ಪಟ್ಟಿ ಮೇಜಿಗೆ ಲಂಬವಾಗಿ ಬಿಗಿದಿರುವುದರಿಂದ ಅದಕ್ಕೆ ಊಟದ ನಂತರ ಜೊಂಪೂ ಹತ್ತುವುದಿಲ್ಲ.

"ಹಾಗಾದ್ರೆ ಕಾಲರು ಇದರಲ್ಲೇ ಕತ್ತರಿಸ್ತೀರಲ್ಲ, ಮತ್ಯಾಕೆ ಹೀಗೆ?" ಎಂದೆ.

ಮಾಸ್ಟ್ರು ಓನರ ಮುಖ ನೋಡಿದರು. ಓನರು ಫೋನು ನೋಡಿದರು.

ವಿಷಯ ಇಷ್ಟು. ಬ್ಯಾಂಡ್ ನೈಫಿಗೆ 9 ಮೀಟರಿನ ಲೇ ಹೊತ್ತು ತರಲಾಗದು. ಮೊದಲು ಸ್ಟ್ರೇಟ್ ನೈಫಿನಲ್ಲಿ ಕಾಲರುಗಳ ಸುತ್ತ ಸ್ವಲ್ಪ ಬಟ್ಟೆ ಹೆಚ್ಚಿಗೆ ಬಿಟ್ಟು ಒರಟು ಒರಟಾಗಿ ಬ್ಲಾಕು ಕತ್ತರಿಸಬೇಕು. ಆ ಬ್ಲಾಕನ್ನು ಕ್ಲಿಪ್ಪು ಹಾಕಿ, ಮೇಲೆ ತಗಡಿನ ಅಚ್ಚು ಇಟ್ಟು, ಅಚ್ಚಿನಂಚಿಗೆ ಸರಿಯಾಗಿ ಬ್ಯಾಂಡ್ ನೈಫಿನಲ್ಲಿ ಕತ್ತರಿಸಬೇಕು. ಈ ಹೆಚ್ಚಿಗೆ ಬಿಡುವ ಬಟ್ಟೆ ಮಾರ್ಕರಿನಲ್ಲಿ ಜಾಗ ತಿನ್ನುತ್ತದೆ, ಆಮೇಲೆ ಚಿಂದಿಯಾಗುತ್ತದೆ. ಓನರಿಗೆ ಚಿಂದಿ ಕಂಡರೆ ಹೊಟ್ಟೆಯುರಿ. ಅದಕ್ಕೆ ಬಟ್ಟೆ ಬಿಡದೆ ಗೆರೆಗೆ ಗೆರೆ ಬ್ಲಾಕು ತೆಗೆಸಿದರು. ವಾಲಿದ ಚಾಕುವಿನ ಬ್ಲಾಕಿನಲ್ಲಿ ಅಡಿಯ ಪದರ ಆಗಲೇ 3 ಮಿಲಿಮೀಟರ್ ಒಳಗಿದೆ. ಇಲ್ಲದ ಬಟ್ಟೆಯನ್ನು ಬ್ಯಾಂಡ್ ನೈಫು ಎಷ್ಟೇ ನೆಟ್ಟಗೆ ಕತ್ತರಿಸಿದರೂ ಬರುವುದೇನು?

ಬ್ಲಾಕಿನ ಎತ್ತರ ಇಲ್ಲೂ 90 ಮಿಲಿಮೀಟರೇ. ಬ್ಲೇಡು ನೆಟ್ಟಗಿರಬಹುದು, ಆದರೆ ಬ್ಲಾಕನ್ನು ನೂಕುವುದು ಕೈ. ನುಣುಪು ಬಟ್ಟೆಯ ಎತ್ತರದ ಪೇರಿಕೆಯನ್ನು ಮೇಲೆ ಹಿಡಿದು ನೂಕಿದರೆ ಮೇಲಿನ ಪದರಗಳು ಮುಂದೆ ಹೋಗುತ್ತವೆ, ಕೆಳಗಿನವು ಮೇಜು ಹಿಡಿದು ಹಿಂದೆ ಉಳಿಯುತ್ತವೆ. ಚಾಕು ವಾಲುವ ಬದಲು ಬಟ್ಟೆ ವಾಲಿತು, ಅಷ್ಟೇ. ಇದಕ್ಕೆಂದೇ ಒಳ್ಳೆಯ ಬ್ಯಾಂಡ್ ನೈಫಿನ ಮೇಜಿನಲ್ಲಿ ಸಣ್ಣ ತೂತುಗಳಿಂದ ಗಾಳಿ ಬಂದು ಬ್ಲಾಕು ತೇಲಿದಂತೆ ಸರಿಯುತ್ತದೆ. ಇಲ್ಲಿನ ಮೇಜಿನಲ್ಲೂ ತೂತುಗಳಿವೆ. ಗಾಳಿ ಊದುವ ಮೋಟಾರು ಬೇರೆ ಕೊಳ್ಳಬೇಕಿತ್ತು.

ಮತ್ತೆ, ಬ್ಯಾಂಡ್ ನೈಫಿನಲ್ಲಿ ಬಟ್ಟೆಯ ಜೊತೆಗೆ ಬೆರಳೂ ಚಾಕುವಿನ ಹತ್ತಿರ ಹೋಗುತ್ತದೆ. ಅದಕ್ಕೆ ಉಕ್ಕಿನ ಬಳೆಗಳಿಂದ ಹೆಣೆದ ಗ್ಲೌಸು ಹಾಕಿಕೊಳ್ಳಬೇಕು. ಇದೆಯೇ ಎಂದು ಕೇಳಿದೆ. ಇದೆ. ಆಫೀಸಿನ ಬೀರುವಿನಲ್ಲಿ, ಕವರಿನಲ್ಲಿ, ಬೀಗದ ಒಳಗೆ. "ಕಳೆದುಹೋದ್ರೆ ಕಷ್ಟ ಸಾರ್, ತಪಾಸಣೆಗೆ ಬಂದಾಗ ತೋರಿಸ್ಬೇಕು." ಬೆರಳು ಕಳೆದುಹೋದರೆ ತೋರಿಸುವ ಪ್ರಮೇಯವಿಲ್ಲವಲ್ಲ.

ಹೊರಡುವ ಮುಂಚೆ ಮಾಸ್ಟ್ರು ಒಂದು ಪರೀಕ್ಷೆ ಮಾಡಿ ತೋರಿಸಿದರು. ಅವತ್ತು ಕತ್ತರಿಸಿದ ಕಾಲರಿನ ಪೇರಿಕೆಯಿಂದ ಮೇಲಿನದೊಂದು, ನಡುವಿನದೊಂದು, ಅಡಿಯದೊಂದು ಎಳೆದು, ಮೂರನ್ನೂ ರಟ್ಟಿನ ಅಚ್ಚಿನ ಮೇಲೆ ಒಂದೇ ತುದಿಗೆ ಕೂಡಿಸಿಟ್ಟರು. ಆಚೆ ತುದಿಯಲ್ಲಿ ಮೂರು ಮೆಟ್ಟಿಲು ಕಾಣಿಸಿದವು. ಮೇಲಿನದು ಅಚ್ಚಿಗೆ ಸರಿ, ನಡುವಿನದು ಸ್ವಲ್ಪ ಒಳಗೆ, ಅಡಿಯದು ಇನ್ನೂ ಒಳಗೆ. ಅರ್ಧ ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. "ಮೆಟ್ಟಿಲು ಹೀಗೆ ಕ್ರಮವಾಗಿ ಇಳಿದ್ರೆ ಚಾಕು ವಾಲಿದೆ ಅಂತ. ಹಿಂದೆಮುಂದೆ ಹ್ಯಾಗ್ಯಾಗೋ ಬಂದ್ರೆ ಹಾಸಿದ್ದೇ ಸರಿಯಿಲ್ಲ ಅಂತ" ಎಂದರು. ಇದನ್ನು ಪ್ರತಿ ಲೇಗೂ ಮಾಡುತ್ತೀರಾ ಎಂದೆ. "ಮಾಡ್ತಿದ್ದೆ ಸಾರ್. ಟೈಮ್ ವೇಸ್ಟ್ ಅಂದ್ರು."

ಅವರ ಬೇಡಿಕೆಯೂ ದೊಡ್ಡದಲ್ಲ. ಮೈ, ತೋಳು ಸ್ಟ್ರೇಟ್ ನೈಫಿನಲ್ಲೇ ಆಗಲಿ, ಲೇ ನೂರು ಪದರ ದಾಟದಿರಲಿ. ಕಾಲರು, ಜೇಬಿಗೆ ಸುತ್ತ ಬಟ್ಟೆ ಬಿಟ್ಟು ಬ್ಲಾಕು ತೆಗೆದು ಬ್ಯಾಂಡ್ ನೈಫಿಗೆ ಕೊಡಲಿ. ಗ್ಲೌಸು ಬೀರುವಿನಿಂದ ಹೊರಗೆ ಬರಲಿ. ಓನರು ಗಮನವಿಟ್ಟು ಕೇಳಿ, ಆಗಲಿ ನೋಡೋಣ ಎಂದರು. ಉತ್ತರಹಳ್ಳಿಯಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಈ 'ಆಗಲಿ ನೋಡೋಣ'ದ ಅರ್ಥ ಗೊತ್ತು.

ಹದಿನೈದು ದಿನ ಬಿಟ್ಟು ಮಾಸ್ಟ್ರು ಟೀ ಅಂಗಡಿಯಲ್ಲಿ ಸಿಕ್ಕರು. ಏನಾಯಿತು ಎಂದೆ. ಓನರು ಸಮಸ್ಯೆ ಬಗೆಹರಿಸಿದ್ದಾರಂತೆ. ಲೇ ಈಗಲೂ ಮುನ್ನೂರೇ. ಆದರೆ 201ರಿಂದ 300ರವರೆಗಿನ 32ರ ಶರ್ಟುಗಳಿಗೆ 30ರ ಲೇಬಲ್ಲು ಹೊಲಿಯಿರಿ ಎಂದು ಹೇಳಿದ್ದಾರಂತೆ. ಈಗ ಮೂವತ್ತರ ಮಗುವಿಗೆ ಕಾಲರು ಸರಿಹೋಗುತ್ತದೆ, ಶರ್ಟು ಮೊಣಕಾಲಿಗೆ ಬರುತ್ತದೆ. "ಬೆಳೆಯೋ ಮಕ್ಕಳು, ತಾಯಂದಿರಿಗೆ ಖುಷಿ" ಎಂದರಂತೆ.

ಜೊತೆಗೆ ಇನ್ನೊಂದು ಸುಧಾರಣೆಯೂ ಆಗಿದೆ. ಶರ್ಟು ಪ್ಯಾಕಾಗುವ ಮುಂಚೆ ಒಳಗಿನ ಸ್ಟಿಕ್ಕರು ತಪ್ಪದೆ ಕೀಳಲು ಒಬ್ಬ ಹೆಲ್ಪರನ್ನು ಹೊಸದಾಗಿ ನೇಮಿಸಿದ್ದಾರೆ. ದಿನಕ್ಕೆ ಎಂಟು ಗಂಟೆ ಕೂಲಿ.